ಸರಳರೇಖೆಯ ಸ್ಥಾನದಲ್ಲಿ ವಕ್ರರೇಖೆ

ಭೌತಶಾಸ್ತ್ರದ ಪ್ರಯೋಗಶಾಲೆಯನ್ನು ಹೊಕ್ಕ ವಿದ್ಯಾರ್ಥಿ ಮೊದಮೊದಲು ಮಾಡುವ ಪ್ರಯೋಗಗಳಲ್ಲಿ ಸುರುಳಿ ತಂತಿಯ ಪ್ರಯೋಗವೂ ಒಂದು. ಸುರುಳಿಯ ತುದಿಗೆ ತೂಕದ ಬಟ್ಟುಗಳನ್ನು ಒಂದೊಂದಾಗಿ ತೂಗುಹಾಕಿ, ಅದು ಎಷ್ಟೆಷ್ಟು ಹಿಗ್ಗಿತೆಂಬುದನ್ನು ಬರೆದುಕೊಂಡು, ನಕ್ಷೆಯ ಕಾಗದದ ಮೇಲೆ ಬಿಂದುಗಳನ್ನು ಗುರುತಿಸಿದರೆ, ಅವು ಹೆಚ್ಚುಕಡಮೆ ಒಂದೇ ಸಾಲಿನಲ್ಲಿ ನಿಲ್ಲುತ್ತವೆ. ಅವುಗಳ ನಡುವೆ ಅಳತೆಪಟ್ಟಿಯನ್ನಿಟ್ಟು ಗೆರೆಯೆಳೆದರೆ ಕೆಲಸ ಮುಗಿಯಿತು. ಹುಕ್ ನಿಯಮವು ಸರಳರೇಖೆಯನ್ನೇ ಹೇಳುವುದರಿಂದ ಇಲ್ಲಿ ಅಳತೆಪಟ್ಟಿಯನ್ನು ಬಳಸುವುದಕ್ಕೆ ನಮಗೆ ಅಧಿಕಾರವುಂಟು.

ಆದರೆ ಯಾವ ನಿಯಮವೂ ಮೊದಲೇ ಗೊತ್ತಿಲ್ಲದ ಕಡೆಯಲ್ಲಿಯೂ ನಾವು ಅದೇ ಅಳತೆಪಟ್ಟಿಯನ್ನು ಕೈಗೆ ತೆಗೆದುಕೊಳ್ಳುತ್ತೇವೆ. ಒಂದು ಪರಿಮಾಣವು ಮೂರು ನಾಲ್ಕು ಬೇರೆ ಬೇರೆ ಅಂಶಗಳನ್ನು ಅವಲಂಬಿಸಿರುವಾಗ, ಪ್ರತಿಯೊಂದಕ್ಕೂ ಒಂದೊಂದು ಸರಳರೇಖೆಯನ್ನು ಎಳೆದು, ಅವೆಲ್ಲವನ್ನೂ ಕೂಡಿ ಉತ್ತರವನ್ನು ಹೇಳುವುದು ಸಂಖ್ಯಾಶಾಸ್ತ್ರದಲ್ಲಿ ಬಹುಕಾಲದ ರೂಢಿ. ಹೀಗೆ ಉತ್ತರವನ್ನು ಸೂಚಿಸುವ ಅಂಶಗಳನ್ನು ಈ ಲೇಖನದಲ್ಲಿ ‘ಸೂಚಕ’ಗಳೆಂದು ಕರೆಯೋಣ. ಸರಳರೇಖೆಯು ಎಲ್ಲಿ ಸೋಲುತ್ತದೆ, ಅದರ ಸ್ಥಾನದಲ್ಲಿ ಪ್ರತಿಯೊಂದು ಸೂಚಕಕ್ಕೂ ಒಂದು ನಯವಾದ ವಕ್ರರೇಖೆಯನ್ನು ಇರಿಸುವುದು ಹೇಗೆ, ಹಾಗೆ ಇರಿಸಿದಾಗ ಏನು ದೊರೆಯುತ್ತದೆ, ಏನು ದೊರೆಯುವುದಿಲ್ಲ ಎಂಬುದನ್ನು ಒಂದು ನಿಜವಾದ ಉದಾಹರಣೆಯ ಮೂಲಕ ನೋಡೋಣ.

ನ್ಯೂಯಾರ್ಕಿನ ಒಂದು ಬೇಸಗೆ

1973ರ ಮೇ 1ರಿಂದ ಸೆಪ್ಟೆಂಬರ್ 30ರ ವರೆಗೆ, ಎಂದರೆ 153 ದಿನಗಳ ಕಾಲ, ಅಮೆರಿಕದ ನ್ಯೂಯಾರ್ಕ್ ನಗರದಲ್ಲಿ ದಿನದಿನವೂ ತೆಗೆದ ಕೆಲವು ಅಳತೆಗಳು ಇಂದಿಗೂ ವಿದ್ಯಾರ್ಥಿಗಳ ಅಭ್ಯಾಸಕ್ಕೆ ಒದಗುತ್ತಿವೆ. ರೂಸ್‌ವೆಲ್ಟ್ ದ್ವೀಪದಲ್ಲಿ ಮಧ್ಯಾಹ್ನ 1ರಿಂದ 3 ಗಂಟೆಯ ವರೆಗಿನ ಗಾಳಿಯಲ್ಲಿ ಓಜೋನ್ ಅನಿಲ ಸರಾಸರಿ ಎಷ್ಟಿತ್ತೆಂಬುದು ಮೊದಲನೆಯ ಅಳತೆ. ಇದನ್ನು ನೂರು ಕೋಟಿ ಭಾಗ ಗಾಳಿಯಲ್ಲಿ ಇಷ್ಟು ಭಾಗ ಓಜೋನ್ ಎಂದು ಎಣಿಸುತ್ತಾರೆ. ಮುಂದೆ ಬರಿದೆ ‘ಭಾಗ’ ಎಂದಾಗ ಇದನ್ನೇ ತಿಳಿಯಬೇಕು. ಉಳಿದ ಮೂರು ಅಳತೆಗಳೇ ನಮ್ಮ ಸೂಚಕಗಳು: ಸೆಂಟ್ರಲ್ ಪಾರ್ಕಿನಲ್ಲಿ ಬೆಳಗಿನ 8ರಿಂದ 12ರ ವರೆಗೆ ಬಿದ್ದ ಸೂರ್ಯಪ್ರಕಾಶ, ಲಾಗಾರ್ಡಿಯ ವಿಮಾನನಿಲ್ದಾಣದಲ್ಲಿ ಬೆಳಗಿನ ಗಾಳಿಯ ವೇಗ, ಮತ್ತು ಅದೇ ನಿಲ್ದಾಣದಲ್ಲಿ ಆ ದಿನದ ಗರಿಷ್ಠ ಉಷ್ಣತೆ. ಪ್ರಕಾಶವನ್ನು ಲ್ಯಾಂಗ್ಲಿ ಎಂಬ ಮಾನದಲ್ಲಿ, ವೇಗವನ್ನು ಗಂಟೆಗೆ ಮೈಲಿಗಳಲ್ಲಿ, ಉಷ್ಣತೆಯನ್ನು ಫ್ಯಾರನ್‌ಹೀಟ್ ಡಿಗ್ರಿಗಳಲ್ಲಿ ಕೊಟ್ಟಿದೆ. ಒಂದು ಲ್ಯಾಂಗ್ಲಿಯೆಂದರೆ ಚದರ ಸೆಂಟಿಮೀಟರಿಗೆ ಒಂದು ಕೆಲೊರಿ ಶಕ್ತಿ. ಕೆಲವು ದಿನಗಳಲ್ಲಿ ಒಂದೆರಡು ಅಳತೆಗಳು ತಪ್ಪಿಹೋಗಿವೆ. ನಾಲ್ಕೂ ಅಳತೆಗಳು ದೊರೆತಿರುವ ದಿನಗಳು 111.

ಆಕಾಶದ ಮೇಲ್ಪದರಗಳಲ್ಲಿರುವ ಓಜೋನ್ ನಮಗೆ ರಕ್ಷಕ; ನಾವು ಉಸಿರಾಡುವ ಗಾಳಿಯಲ್ಲಿರುವ ಓಜೋನ್ ಶ್ವಾಸಕೋಶಗಳಿಗೆ ಶತ್ರು. ಇದು ಯಾವ ಚಿಮಣಿಯಿಂದಲೂ ನೇರವಾಗಿ ಹೊರಬೀಳುವುದಿಲ್ಲ. ವಾಹನಗಳೂ ಕುಲುಮೆಗಳೂ ಉಗುಳುವ ನೈಟ್ರೊಜನ್ ಡೈಆಕ್ಸೈಡನ್ನು ಸೂರ್ಯಪ್ರಕಾಶವು ಒಡೆದಾಗ ಒಂಟಿ ಆಮ್ಲಜನಕ ಪರಮಾಣು ಬಿಡುಗಡೆಯಾಗುತ್ತದೆ. ಅದು ಗಾಳಿಯ ಆಮ್ಲಜನಕದೊಡನೆ ಸೇರಿ ಓಜೋನ್ ಆಗುತ್ತದೆ. ಪೆಟ್ರೋಲು ಮೊದಲಾದವುಗಳ ಆವಿಯು ಈ ಕ್ರಿಯೆಗೆ ಇನ್ನಷ್ಟು ಒತ್ತಾಸೆ ಕೊಡುತ್ತದೆ. ಬಿಸಿಲು ಬೇಕು, ಸೆಕೆ ಬೇಕು, ಹುಟ್ಟಿದ ಅನಿಲವನ್ನು ಗಾಳಿಯು ಚದರಿಸಬಾರದು. ಆದುದರಿಂದಲೇ ಈ ಮೂರು ಸೂಚಕಗಳು.

ಸರಳರೇಖೆ ಹೇಳುವ ಉತ್ತರ

ಕನಿಷ್ಠ ವರ್ಗ ವಿಧಾನದಿಂದ ಈ 111 ದಿನಗಳಿಗೆ ಸರಳರೇಖೆಗಳನ್ನು ಹೊಂದಿಸಿದರೆ ಈ ಸೂತ್ರ ದೊರೆಯುತ್ತದೆ:

ಓಜೋನ್ = −64.3 + 0.0598 × ಪ್ರಕಾಶ − 3.334 × ಗಾಳಿ + 1.652 × ಉಷ್ಣತೆ

ಚಿಹ್ನೆಗಳು ನಿರೀಕ್ಷಿಸಿದಂತೆಯೇ ಇವೆ. ಬಿಸಿಲೂ ಸೆಕೆಯೂ ಓಜೋನನ್ನು ಹೆಚ್ಚಿಸುತ್ತವೆ, ಗಾಳಿ ತಗ್ಗಿಸುತ್ತದೆ. ದಿನದಿಂದ ದಿನಕ್ಕೆ ಓಜೋನಿನಲ್ಲಿ ಕಾಣುವ ಏರಿಳಿತದಲ್ಲಿ 100ಕ್ಕೆ 61 ಪಾಲನ್ನು ಈ ಸೂತ್ರ ವಿವರಿಸುತ್ತದೆ. ಮೇಲುನೋಟಕ್ಕೆ ಇದು ಕೆಟ್ಟ ಫಲವೇನೂ ಅಲ್ಲ. ಆದರೆ ಎರಡು ದಿನಗಳನ್ನು ಆರಿಸಿಕೊಂಡು ಲೆಕ್ಕವನ್ನು ಕೈಯಾರೆ ಮಾಡಿ ನೋಡೋಣ.

ಮೇ 18ರಂದು ಪ್ರಕಾಶ 78, ಗಾಳಿ 18.4, ಉಷ್ಣತೆ 57. ಸೂತ್ರದಲ್ಲಿ ಇವನ್ನು ಇರಿಸಿದರೆ −64.3 + 4.7 − 61.4 + 94.2, ಎಂದರೆ ಸುಮಾರು −27 ಭಾಗ ಓಜೋನ್! ಸೊನ್ನೆಗಿಂತ ಕಡಮೆಯಾದ ಅನಿಲವನ್ನು ಯಾರೂ ಕಂಡಿಲ್ಲ. ಆ ದಿನ ನಿಜವಾಗಿ ಅಳೆದದ್ದು 6 ಭಾಗ.

ಆಗಸ್ಟ್ 25ರಂದು ಪ್ರಕಾಶ 238, ಗಾಳಿ ಕೇವಲ 3.4, ಉಷ್ಣತೆ 81. ಸೂತ್ರವು ಹೇಳುವುದು 72 ಭಾಗ. ನಿಜವಾಗಿ ಅಳೆದದ್ದು 168 ಭಾಗ. ಆ ಬೇಸಗೆಯಲ್ಲಿ ಅಳೆದ ಅತಿ ಹೆಚ್ಚಿನ ಪ್ರಮಾಣ ಅದೇ. ಈ ತಪ್ಪು ಮೊದಲಿನದಕ್ಕಿಂತ ಗಂಭೀರವಾದುದು. 1971ರಲ್ಲಿ ಅಮೆರಿಕದ ಸರಕಾರವು ಓಜೋನನ್ನೂ ಒಳಗೊಂಡ ಇಂಥ ಅನಿಲಗಳಿಗೆ ಒಂದು ಗಂಟೆಯ ಸರಾಸರಿ 80 ಭಾಗವೆಂಬ ಮಿತಿಯನ್ನು ಗೊತ್ತುಮಾಡಿತ್ತು. ಸೂತ್ರವನ್ನು ನಂಬಿದವನು ಆ ದಿನ ಮಿತಿಯೊಳಗಿದೆ ಎಂದು ಸುಮ್ಮನಿರುತ್ತಿದ್ದನು. ಗಾಳಿಯಲ್ಲಿದ್ದುದು ಮಿತಿಯ ಇಮ್ಮಡಿಗಿಂತ ಹೆಚ್ಚು.

ಈ ಎರಡು ತಪ್ಪುಗಳು ಆಕಸ್ಮಿಕವಲ್ಲ. ಅಳೆದ ಬೆಲೆಯಿಂದ ಸೂತ್ರದ ಬೆಲೆಯನ್ನು ಕಳೆದಾಗ ಉಳಿಯುವುದಕ್ಕೆ ‘ಶೇಷ’ ಎನ್ನುತ್ತಾರೆ. ಶೇಷಗಳನ್ನು ಗಾಳಿಯ ವೇಗಕ್ಕೆ ಎದುರಾಗಿ ನಕ್ಷೆಯಲ್ಲಿ ಗುರುತಿಸಿದರೆ, ಗಾಳಿ ತೀರ ಕಡಮೆಯಿರುವ ಕಡೆಯೂ ತೀರ ಹೆಚ್ಚಿರುವ ಕಡೆಯೂ ಅವು ಸೊನ್ನೆಯ ಮೇಲಕ್ಕೆ ಎದ್ದು, ನಡುವೆ ಕೆಳಕ್ಕೆ ತಗ್ಗಿರುತ್ತವೆ. ಸೂತ್ರ ಸರಿಯಾಗಿದ್ದರೆ ಶೇಷಗಳು ಯಾವ ಆಕಾರವೂ ಇಲ್ಲದೆ ಚದರಿರಬೇಕು. ಬಟ್ಟಲಿನಂಥ ಆಕಾರ ಕಂಡಿತೆಂದರೆ, ನೇರವಲ್ಲದ್ದನ್ನು ನೇರವೆಂದು ಎಳೆದಿದ್ದೇವೆ ಎಂದರ್ಥ.

ಕೂಡುವುದನ್ನು ಬಿಡದೆ ನೇರವನ್ನು ಬಿಡುವುದು

ಹಾಗಾದರೆ ಏನು ಮಾಡಬೇಕು? ಯಾವ ಆಕಾರವನ್ನೂ ಮೊದಲೇ ಊಹಿಸದೆ, ಮೂರು ಸೂಚಕಗಳ ಪ್ರತಿಯೊಂದು ಕೂಟಕ್ಕೂ ಓಜೋನ್ ಎಷ್ಟೆಂದು ಅಳತೆಗಳಿಂದಲೇ ಓದಿಬಿಡಬಹುದಲ್ಲ ಎಂದು ತೋರಬಹುದು. ಪ್ರತಿಯೊಂದು ಸೂಚಕವನ್ನೂ 10 ಮಟ್ಟಗಳಾಗಿ ಹಂಚಿದರೆ 10 × 10 × 10, ಎಂದರೆ 1000 ಗೂಡುಗಳಾಗುತ್ತವೆ. ನಮ್ಮಲ್ಲಿರುವ ದಿನಗಳು 111. ಹತ್ತರಲ್ಲಿ ಒಂಬತ್ತು ಗೂಡುಗಳು ಬರಿದಾಗಿಯೇ ಉಳಿಯುತ್ತವೆ. ಸೂಚಕಗಳು ಇನ್ನೊಂದು ಹೆಚ್ಚಿದರೆ ಗೂಡುಗಳು 10,000ಕ್ಕೆ ಏರುತ್ತವೆ. ಈ ದಾರಿ ಬೇಗನೆ ಮುಚ್ಚಿಹೋಗುತ್ತದೆ.

ಇವೆರಡರ ನಡುವೆ ಒಂದು ದಾರಿಯುಂಟು. ಸರಳರೇಖೆಯ ಸೂತ್ರದಲ್ಲಿ ನಾವು ಎರಡು ಊಹೆಗಳನ್ನು ಮಾಡಿದ್ದೆವು: ಪ್ರತಿಯೊಂದು ಸೂಚಕದ ಪರಿಣಾಮವೂ ನೇರವಾದುದು ಎಂಬುದು ಒಂದು, ಮೂರರ ಪರಿಣಾಮಗಳನ್ನೂ ಕೂಡಿದರೆ ಒಟ್ಟು ದೊರೆಯುತ್ತದೆ ಎಂಬುದು ಇನ್ನೊಂದು. ಮೊದಲನೆಯದನ್ನು ಕೈಬಿಟ್ಟು ಎರಡನೆಯದನ್ನು ಮಾತ್ರ ಉಳಿಸಿಕೊಂಡರೆ ಈ ಸೂತ್ರ ಬರುತ್ತದೆ:

ಓಜೋನ್ = a + f₁(ಪ್ರಕಾಶ) + f₂(ಗಾಳಿ) + f₃(ಉಷ್ಣತೆ)

ಇಲ್ಲಿ a ಎಂಬುದು ಎಲ್ಲ ದಿನಗಳ ಸರಾಸರಿ. f₁, f₂, f₃ ಎಂಬವು ಮೂರು ವಕ್ರರೇಖೆಗಳು. ಆಯಾ ಸೂಚಕದಿಂದ ಸರಾಸರಿಗೆ ಎಷ್ಟು ಕೂಡಬೇಕು ಅಥವಾ ಕಳೆಯಬೇಕು ಎಂಬುದನ್ನು ಅವು ಹೇಳುತ್ತವೆ. ಇದಕ್ಕೆ ಸಂಕಲನ ಮಾದರಿ ಎಂದು ಹೆಸರು. ಅಮೆರಿಕದ ಸ್ಟ್ಯಾನ್‌ಫರ್ಡ್ ವಿಶ್ವವಿದ್ಯಾನಿಲಯದಲ್ಲಿ ಸಂಶೋಧನೆ ನಡೆಸಿದ ಟ್ರೆವರ್ ಹೇಸ್ಟಿ ಮತ್ತು ರಾಬರ್ಟ್ ಟಿಬ್ಷಿರಾನಿ ಎಂಬಿಬ್ಬರು ಇದನ್ನು 1986ರಲ್ಲಿ ಒಂದು ಪ್ರಬಂಧದ ಮೂಲಕವೂ, 1990ರಲ್ಲಿ ಒಂದು ಗ್ರಂಥದ ಮೂಲಕವೂ ವ್ಯಾಪಕವಾದ ರೂಪದಲ್ಲಿ ನೆಲೆಗೊಳಿಸಿದರು. ಸಂಕಲನವನ್ನು ಉಳಿಸಿಕೊಂಡುದರಿಂದ ದೊಡ್ಡ ಅನುಕೂಲವಾಯಿತು. ಸೂಚಕಗಳು ಮೂರಿರಲಿ ಹತ್ತಿರಲಿ, ಒಂದೊಂದರ ಪರಿಣಾಮವನ್ನೂ ಒಂದೊಂದು ಕಾಗದದ ಮೇಲೆ ಬರೆದು ಕಣ್ಣಿನಿಂದ ನೋಡಬಹುದು.

ನಯವಾದ ವಕ್ರರೇಖೆ ಎಂದರೇನು?

ವಕ್ರರೇಖೆಗೆ ಬೇಕಾದಷ್ಟು ಬಾಗುವ ಸ್ವಾತಂತ್ರ್ಯ ಕೊಟ್ಟರೆ ಅದು ಪ್ರತಿಯೊಂದು ಬಿಂದುವಿನ ಬೆನ್ನು ಹತ್ತಿ ಮೇಲೆಕೆಳಗೆ ಕುಣಿಯುತ್ತದೆ. ಸ್ವಾತಂತ್ರ್ಯ ಕೊಡದಿದ್ದರೆ ಮತ್ತೆ ಸರಳರೇಖೆಯೇ ಆಗುತ್ತದೆ. ಇದರ ಹದವನ್ನು ತಿಳಿಯಲು ಭೌತಶಾಸ್ತ್ರದ ಒಂದು ಚಿತ್ರವು ನಮಗೆ ನೆರವಾಗುತ್ತದೆ.

ಹಡಗುಗಳ ನಕ್ಷೆಯನ್ನು ಬರೆಯುತ್ತಿದ್ದವರು ಹಿಂದೆ ತೆಳುವಾದ, ಬಾಗುವ ಮರದ ಪಟ್ಟಿಯೊಂದನ್ನು ಬಳಸುತ್ತಿದ್ದರು. ಅಲ್ಲಲ್ಲಿ ಸೀಸದ ಗುಂಡುಗಳನ್ನಿಟ್ಟು ಆ ಪಟ್ಟಿಯನ್ನು ಬೇಕಾದ ಬಿಂದುಗಳ ಮೇಲೆ ಹಿಡಿದು ನಿಲ್ಲಿಸಿದರೆ, ನಡುವೆ ಅದು ತಾನಾಗಿಯೇ ನಯವಾಗಿ ಬಾಗಿಕೊಳ್ಳುತ್ತಿತ್ತು. ಆ ಪಟ್ಟಿಗೆ ಸ್ಪ್ಲೈನ್ ಎಂದು ಹೆಸರು. 1946ರಲ್ಲಿ ಗಣಿತಜ್ಞ ಷೋನ್‌ಬರ್ಗ್ ಅದೇ ಹೆಸರನ್ನು ಒಂದು ಬಗೆಯ ವಕ್ರರೇಖೆಗಳಿಗೆ ಕೊಟ್ಟನು.

ಈಗ ಬಿಂದುಗಳ ಮೇಲೆ ಪಟ್ಟಿಯನ್ನು ಗಟ್ಟಿಯಾಗಿ ಬಂಧಿಸುವ ಬದಲು, ಪ್ರತಿಯೊಂದು ಬಿಂದುವಿನಿಂದಲೂ ಪಟ್ಟಿಗೆ ನೇರವಾಗಿ ಮೇಲೆಕೆಳಗೆ ಎಳೆಯುವ ಒಂದು ಸಣ್ಣ ಸುರುಳಿಯನ್ನು ಕಟ್ಟಿದೆವೆಂದು ಭಾವಿಸೋಣ. ಸುರುಳಿ ಹಿಗ್ಗಿದರೆ ಅದರಲ್ಲಿ ಹಿಗ್ಗಿದ ದೂರದ ವರ್ಗಕ್ಕೆ ಅನುಗುಣವಾಗಿ ಶಕ್ತಿ ಸೇರುತ್ತದೆ. ಪಟ್ಟಿ ಬಾಗಿದರೆ ಅದರಲ್ಲಿಯೂ ಶಕ್ತಿ ಸೇರುತ್ತದೆ. ಒಟ್ಟು ಶಕ್ತಿ ಕನಿಷ್ಠವಾಗುವ ಸ್ಥಾನದಲ್ಲಿ ಪಟ್ಟಿ ನಿಲ್ಲುತ್ತದೆ. ಬಾಗು ಹೆಚ್ಚಿಲ್ಲದಿರುವಾಗ, ಕನಿಷ್ಠವಾಗಬೇಕಾದ ಮೊತ್ತವನ್ನು ಹೀಗೆ ಬರೆಯಬಹುದು:

Σ (y − f(x))² + λ ∫ (f″(x))² dx

ಮೊದಲನೆಯ ಪದ ಸುರುಳಿಗಳದು. ಅದು ಹಳೆಯ ಕನಿಷ್ಠ ವರ್ಗ ವಿಧಾನವೇ. ಎರಡನೆಯದು ಪಟ್ಟಿಯ ಬಾಗುವಿಕೆಯದು. λ ಎಂಬುದು ಪಟ್ಟಿಯ ಪೆಡಸುತನ. ಪಟ್ಟಿ ಉಕ್ಕಿನ ಸರಳಿನಷ್ಟು ಪೆಡಸಾಗಿದ್ದರೆ ಅದು ಬಾಗುವುದೇ ಇಲ್ಲ. ಆಗ ದೊರೆಯುವುದು ಸರಳರೇಖೆ. ಎಂದರೆ ಹಳೆಯ ವಿಧಾನವನ್ನು ನಾವು ತಳ್ಳಿಹಾಕಿಲ್ಲ. ಅದು ಹೊಸದರ ಒಂದು ತುದಿಯಾಗಿ ಒಳಗೇ ಉಳಿದಿದೆ. ಪಟ್ಟಿ ನೂಲಿನಂತೆ ಮೃದುವಾಗಿದ್ದರೆ ಪ್ರತಿಯೊಂದು ಬಿಂದುವನ್ನೂ ಹೊಕ್ಕು ಹೊರಡುತ್ತದೆ.

ಪೆಡಸುತನ ಎಷ್ಟಿರಬೇಕು? ಇದನ್ನು ಕಣ್ಣಳತೆಗೆ ಬಿಡಬೇಕಾಗಿಲ್ಲ. 111 ದಿನಗಳಲ್ಲಿ ಒಂದು ದಿನವನ್ನು ಮರೆಮಾಡಿ, ಉಳಿದ 110ರಿಂದ ವಕ್ರರೇಖೆಯನ್ನು ಎಳೆದು, ಮರೆಯಲ್ಲಿಟ್ಟ ದಿನದ ಓಜೋನನ್ನು ಅದು ಎಷ್ಟು ಸರಿಯಾಗಿ ಹೇಳುತ್ತದೆಂದು ನೋಡಬೇಕು. ಹೀಗೆ ಪ್ರತಿಯೊಂದು ದಿನವನ್ನೂ ಸರದಿಯಂತೆ ಮರೆಮಾಡಿ, ತಪ್ಪುಗಳ ವರ್ಗಗಳನ್ನು ಕೂಡಬೇಕು. ಪಟ್ಟಿ ತೀರ ಮೃದುವಾಗಿದ್ದರೆ ಅದು ಕಂಡ ದಿನಗಳ ಆಕಸ್ಮಿಕ ಏರಿಳಿತಗಳನ್ನೆಲ್ಲ ಬಾಯಿಪಾಠ ಮಾಡಿಕೊಂಡು, ಕಾಣದ ದಿನದಲ್ಲಿ ತಡವರಿಸುತ್ತದೆ. ತೀರ ಪೆಡಸಾಗಿದ್ದರೆ ನಿಜವಾದ ಬಾಗನ್ನೂ ಕಾಣದೆ ತಪ್ಪುತ್ತದೆ. ಎರಡರ ನಡುವೆ ತಪ್ಪು ಕನಿಷ್ಠವಾಗುವ ಒಂದು λ ಇರುತ್ತದೆ. 1979ರಲ್ಲಿ ಪೀಟರ್ ಕ್ರೇವನ್ ಮತ್ತು ಗ್ರೇಸ್ ವಾಬಾ ಎಂಬವರು, ಲೆಕ್ಕವನ್ನು 111 ಸಲ ಮಾಡದೆ ಒಂದೇ ಸಲಕ್ಕೆ ಈ ಪರೀಕ್ಷೆಗೆ ಬಹುಮಟ್ಟಿಗೆ ಹತ್ತಿರವಾದ ಫಲವನ್ನು ಪಡೆಯುವ ಸೂತ್ರವನ್ನು ಕೊಟ್ಟರು. ನಮ್ಮ ಮೂರು ಸೂಚಕಗಳಿಗೆ ಮೂರು ಬೇರೆ ಬೇರೆ ಪಟ್ಟಿಗಳಿರುವುದರಿಂದ ಮೂರು ಪೆಡಸುತನಗಳನ್ನು ಹೀಗೆ ಆರಿಸಬೇಕು.

ಮೂರನ್ನು ಒಂದರಿಂದೊಂದು ಬೇರ್ಪಡಿಸುವುದು

ಇನ್ನೊಂದು ತೊಡಕು ಉಳಿದಿದೆ. ಓಜೋನನ್ನು ಬರಿಯ ಉಷ್ಣತೆಗೆ ಎದುರಾಗಿ ಗುರುತಿಸಿ ಪಟ್ಟಿಯನ್ನು ಬಾಗಿಸಿದರೆ f₃ ದೊರೆಯುವುದಿಲ್ಲವೆ? ದೊರೆಯುವುದಿಲ್ಲ. ಏಕೆಂದರೆ ಸೆಕೆಯ ದಿನಗಳಲ್ಲಿ ಗಾಳಿಯೂ ಸಾಮಾನ್ಯವಾಗಿ ನಿಂತಿರುತ್ತದೆ. ಗಾಳಿ ನಿಂತುದರಿಂದ ಆದ ಏರಿಕೆಯನ್ನೂ ನಾವು ಸೆಕೆಯ ಲೆಕ್ಕಕ್ಕೆ ಬರೆದುಬಿಡುತ್ತೇವೆ. ಇದನ್ನು ಬಿಡಿಸುವ ಉಪಾಯವನ್ನು ತಿಳಿಯಲು, ಕೈಯಲ್ಲಿ ಮಾಡಬಹುದಾದ ಒಂದು ಕಲ್ಪಿತ ಲೆಕ್ಕವನ್ನು ತೆಗೆದುಕೊಳ್ಳೋಣ. ಎಂಟು ದಿನಗಳು ಹೀಗಿವೆ:

ಸೆಕೆ, ಗಾಳಿಯಿಲ್ಲ: 3 ದಿನ, ದಿನಕ್ಕೆ 90 ಭಾಗ.
ಸೆಕೆ, ಗಾಳಿಯಿದೆ: 1 ದಿನ, 60 ಭಾಗ.
ತಂಪು, ಗಾಳಿಯಿಲ್ಲ: 1 ದಿನ, 40 ಭಾಗ.
ತಂಪು, ಗಾಳಿಯಿದೆ: 3 ದಿನ, ದಿನಕ್ಕೆ 10 ಭಾಗ.

ಇಲ್ಲಿ ನಿಜಸ್ಥಿತಿ ಸ್ಪಷ್ಟವಾಗಿದೆ. ಗಾಳಿ ಒಂದೇ ಬಗೆಯಾಗಿದ್ದಾಗ ಸೆಕೆಯಿಂದ 50 ಭಾಗ ಹೆಚ್ಚು. ಉಷ್ಣತೆ ಒಂದೇ ಬಗೆಯಾಗಿದ್ದಾಗ ಗಾಳಿ ನಿಂತರೆ 30 ಭಾಗ ಹೆಚ್ಚು. ಆದರೆ ಸೆಕೆಯ ನಾಲ್ಕು ದಿನಗಳ ಸರಾಸರಿ 82.5, ತಂಪಿನ ನಾಲ್ಕು ದಿನಗಳ ಸರಾಸರಿ 17.5. ವ್ಯತ್ಯಾಸ 65. ಸೆಕೆಗೆ 15 ಭಾಗ ಹೆಚ್ಚಾಗಿ ಸಂದಿತು.

ಈಗ ಹೀಗೆ ಮಾಡೋಣ. ಈ 65ನ್ನು ತಾತ್ಕಾಲಿಕವಾಗಿ ಒಪ್ಪಿಕೊಂಡು, ಪ್ರತಿ ದಿನದ ಓಜೋನಿನಿಂದ ಆ ದಿನಕ್ಕೆ ಸಂದ ಸರಾಸರಿಯನ್ನು ಕಳೆಯೋಣ. ಮೇಲಿನ ಕ್ರಮದಲ್ಲಿಯೇ ಶೇಷಗಳು 7.5, −22.5, 22.5, −7.5 ಆಗುತ್ತವೆ. ಈ ಶೇಷಗಳಲ್ಲಿ ಗಾಳಿಯಿಲ್ಲದ ನಾಲ್ಕು ದಿನಗಳ ಸರಾಸರಿ 11.25, ಗಾಳಿಯಿರುವ ನಾಲ್ಕು ದಿನಗಳ ಸರಾಸರಿ −11.25. ಆದುದರಿಂದ ಗಾಳಿಯ ಪಾಲು 22.5 ಎಂದಾಯಿತು. ಇದಿನ್ನೂ 30 ಆಗಿಲ್ಲ. ಈಗ ಮೂಲ ಓಜೋನಿನಿಂದ ಗಾಳಿಯ ಈ ಪಾಲನ್ನು ಕಳೆದು, ಉಳಿದುದರಲ್ಲಿ ಸೆಕೆಯ ಪಾಲನ್ನು ಹೊಸದಾಗಿ ಎಣಿಸಿದರೆ 53.75 ಬರುತ್ತದೆ. ಅದನ್ನು ಕಳೆದು ಗಾಳಿಯನ್ನು ಮತ್ತೆ ಎಣಿಸಿದರೆ 28.1. ಮತ್ತೊಂದು ಸುತ್ತಿನಲ್ಲಿ ಸೆಕೆಗೆ 50.9, ಗಾಳಿಗೆ 29.5. ಪ್ರತಿ ಸುತ್ತಿನಲ್ಲಿಯೂ ತಪ್ಪು ಕಾಲು ಭಾಗಕ್ಕೆ ಇಳಿದು, 50 ಮತ್ತು 30ರ ಕಡೆಗೆ ಲೆಕ್ಕ ತಾನಾಗಿಯೇ ಸಾಗುತ್ತದೆ. ಓದುಗರು ಇದನ್ನು ಕಾಗದದ ಮೇಲೆ ಮಾಡಿ ನೋಡಬಹುದು.

ನಿಜವಾದ ಉದಾಹರಣೆಯಲ್ಲಿ ಮಾಡುವುದೂ ಇದನ್ನೇ. ವ್ಯತ್ಯಾಸವಿಷ್ಟೆ: ಸೆಕೆ ಮತ್ತು ತಂಪು ಎಂಬ ಎರಡು ಗುಂಪುಗಳ ಸರಾಸರಿಯ ಬದಲು, ಶೇಷಗಳ ಮೇಲೆ ಬಾಗುಪಟ್ಟಿಯನ್ನು ಇರಿಸುತ್ತೇವೆ. ಪ್ರಕಾಶ ಮತ್ತು ಗಾಳಿಗಳ ವಕ್ರರೇಖೆಗಳನ್ನು ಕಳೆದು ಉಷ್ಣತೆಯ ವಕ್ರರೇಖೆ. ಪ್ರಕಾಶ ಮತ್ತು ಉಷ್ಣತೆಗಳದನ್ನು ಕಳೆದು ಗಾಳಿಯ ವಕ್ರರೇಖೆ. ಹೀಗೆ ಯಾವುದೂ ಬದಲಾಗದಂತಾಗುವ ತನಕ ಸುತ್ತುತ್ತೇವೆ. ಇಂದಿನ ಗಣಕಯಂತ್ರಗಳು ಮೂರನ್ನೂ ಒಂದೇ ಹಿಡಿತಕ್ಕೆ ಬಿಡಿಸುವ ಬೇರೆ ಮಾರ್ಗಗಳನ್ನೂ ಬಲ್ಲವು. ಅರ್ಥ ಮಾತ್ರ ಒಂದೇ.

ಈ ಲೆಕ್ಕದಿಂದಲೇ ಒಂದು ಎಚ್ಚರಿಕೆಯೂ ತಿಳಿಯುತ್ತದೆ. ಸೆಕೆಯ ನಾಲ್ಕು ದಿನಗಳೂ ಗಾಳಿಯಿಲ್ಲದವಾಗಿ, ತಂಪಿನ ನಾಲ್ಕು ದಿನಗಳೂ ಗಾಳಿಯಿರುವವಾಗಿ ಇದ್ದಿದ್ದರೆ, ಯಾವ ಸುತ್ತೂ ಎರಡನ್ನು ಬೇರ್ಪಡಿಸಲಾರದು. ಬೇರ್ಪಡಿಸುವ ಶಕ್ತಿಯೆಲ್ಲ ಆ ಎರಡು ಒಂಟಿ ದಿನಗಳಲ್ಲಿತ್ತು. ಸೂಚಕಗಳು ಜೊತೆಜೊತೆಗೆ ನಡೆಯುವಷ್ಟೂ ವಕ್ರರೇಖೆಗಳ ಮೇಲಿನ ಭರವಸೆ ತಗ್ಗುತ್ತದೆ.

ವಕ್ರರೇಖೆಗಳು ತೋರಿಸಿದುದು

ನ್ಯೂಯಾರ್ಕಿನ 111 ದಿನಗಳಿಗೆ ಈ ವಿಧಾನವನ್ನು ಅನ್ವಯಿಸಿದಾಗ ಮೂರು ಪಟ್ಟಿಗಳೂ ಬಾಗುತ್ತವೆ. ಗಾಳಿಯ ವಕ್ರರೇಖೆ ಎಡತುದಿಯಲ್ಲಿ ಎತ್ತರದಿಂದ ಹೊರಟು ಕಡಿದಾಗಿ ಇಳಿಯುತ್ತದೆ. ಗಂಟೆಗೆ ಸುಮಾರು 10 ಮೈಲಿಯನ್ನು ದಾಟಿದ ಮೇಲೆ ಬಹುಮಟ್ಟಿಗೆ ಚಪ್ಪಟೆಯಾಗುತ್ತದೆ. ಇದು ಯುಕ್ತವೇ ಆಗಿದೆ. ಅನಿಲವನ್ನು ಒಮ್ಮೆ ಚದರಿಸಿದ ಮೇಲೆ ಇನ್ನೂ ಜೋರಾಗಿ ಬೀಸಿದರೆ ಚದರಿಸುವುದಕ್ಕೆ ಹೆಚ್ಚೇನೂ ಉಳಿದಿರುವುದಿಲ್ಲ. ಉಷ್ಣತೆಯ ವಕ್ರರೇಖೆ ಎಪ್ಪತ್ತರ ನಡುವಿನ ಡಿಗ್ರಿಗಳ ವರೆಗೆ ಹೆಚ್ಚು ಏರದೆ, ಅಲ್ಲಿಂದ ಮುಂದೆ ಕಡಿದಾಗಿ ಏರುತ್ತದೆ. ಪ್ರಕಾಶದ ವಕ್ರರೇಖೆ ಸುಮಾರು 200 ಲ್ಯಾಂಗ್ಲಿಯ ವರೆಗೆ ಏರಿ, ಅನಂತರ ಏರುವುದನ್ನು ನಿಲ್ಲಿಸುತ್ತದೆ.

ಸರಳರೇಖೆಯ ಸೂತ್ರವು ಗಾಳಿಯ ಪ್ರತಿ ಮೈಲಿಗೂ 3.3 ಭಾಗ ಇಳಿಕೆಯೆಂದು ಒಂದೇ ಸಮನಾಗಿ ಹೇಳಿತ್ತು. ಆ ಸಂಖ್ಯೆ ಕಡಿದಾದ ಭಾಗಕ್ಕೂ ಹೊಂದುವುದಿಲ್ಲ, ಚಪ್ಪಟೆಯಾದ ಭಾಗಕ್ಕೂ ಹೊಂದುವುದಿಲ್ಲ. ಎರಡರ ನಡುವಣ ಒಂದು ರಾಜಿ ಅದು. ಮೇ 18ರಂದು ಓಜೋನನ್ನು ಸೊನ್ನೆಯ ಕೆಳಕ್ಕೆ ತಳ್ಳಿದುದೂ, ಆಗಸ್ಟ್ 25ರಂದು ಅದನ್ನು ಮಿತಿಯೊಳಗೆ ತೋರಿಸಿದುದೂ ಈ ರಾಜಿಯ ಫಲ.

ಸಂಕಲನ ಮಾದರಿಯು ಏರಿಳಿತದಲ್ಲಿ 100ಕ್ಕೆ ಸುಮಾರು 75 ಪಾಲನ್ನು ವಿವರಿಸುತ್ತದೆ. ಬಾಗುವ ಸ್ವಾತಂತ್ರ್ಯ ಹೆಚ್ಚಿದಷ್ಟೂ ಈ ಸಂಖ್ಯೆ ಹೇಗೂ ಏರುವುದರಿಂದ, ಇದನ್ನು ಮಾತ್ರ ನೋಡಿ ಮೋಸಹೋಗಬಾರದು. ನಂಬಬೇಕಾದುದು ಮರೆಮಾಡಿದ ದಿನಗಳ ಪರೀಕ್ಷೆಯನ್ನು. ಅದರ ಪ್ರಕಾರ ಕಾಣದ ದಿನದಲ್ಲಿ ಆಗುವ ಸಾಮಾನ್ಯ ತಪ್ಪು ಸರಳರೇಖೆಗಳಿಂದ ಸುಮಾರು 21.6 ಭಾಗ, ವಕ್ರರೇಖೆಗಳಿಂದ ಸುಮಾರು 18.4 ಭಾಗ. ಲಾಭ ನಿಜವಾದುದೇ, ಆದರೆ ಪವಾಡವಲ್ಲ.

ಎಲ್ಲಿ ನಂಬಬಾರದು?

ಆಗಸ್ಟ್ 25ರ 168 ಭಾಗವನ್ನು ಈ ಮಾದರಿಯೂ ಮುಟ್ಟಲಾರದು. ಅಂತರ ಕುಗ್ಗುತ್ತದೆ, ತೀರುವುದಿಲ್ಲ. ಇದಕ್ಕೆ ಒಂದು ಕಾರಣವನ್ನು ನಾವು ಉಳಿಸಿಕೊಂಡ ಊಹೆಯಲ್ಲಿಯೇ ಹುಡುಕಬೇಕು. ಗಾಳಿ ಹತ್ತು ಮೈಲಿಯಿಂದ ನಾಲ್ಕಕ್ಕೆ ಇಳಿದರೆ, 60 ಡಿಗ್ರಿಯ ದಿನದಲ್ಲಿಯೂ 90 ಡಿಗ್ರಿಯ ದಿನದಲ್ಲಿಯೂ ಓಜೋನ್ ಒಂದೇ ಪ್ರಮಾಣದಲ್ಲಿ ಏರುತ್ತದೆಂದು ಸಂಕಲನ ಮಾದರಿ ಹೇಳುತ್ತದೆ. ರಸಾಯನಶಾಸ್ತ್ರ ಹಾಗೆ ಹೇಳುವುದಿಲ್ಲ. ತಂಪಿನ ದಿನ ಅನಿಲ ಹುಟ್ಟುವುದೇ ಕಡಮೆ. ಗಾಳಿ ನಿಂತರೂ ಕೂಡಿಬೀಳುವುದಕ್ಕೆ ಹೆಚ್ಚೇನಿರುತ್ತದೆ? ಸೆಕೆಯ ದಿನ ಗಾಳಿ ನಿಂತರೆ ಪರಿಣಾಮ ಬಲವಾಗುತ್ತದೆ.

ಇದನ್ನು ಪತ್ತೆಹಚ್ಚುವುದು ಕಷ್ಟವಲ್ಲ. ಮಾದರಿಯ ಶೇಷಗಳನ್ನು ಮೇಲಿನ ಎಂಟು ದಿನಗಳಂತೆ ನಾಲ್ಕು ಗುಂಪು ಮಾಡಬೇಕು. ಸಂಕಲನದ ಊಹೆ ಸರಿಯಾಗಿದ್ದರೆ ನಾಲ್ಕು ಗುಂಪುಗಳ ಸರಾಸರಿಯೂ ಸೊನ್ನೆಯ ಹತ್ತಿರವಿರುತ್ತದೆ. ಸೆಕೆಯಿದ್ದು ಗಾಳಿಯಿಲ್ಲದ ಗುಂಪು ಮೇಲಕ್ಕೂ, ಸೆಕೆಯಿದ್ದು ಗಾಳಿಯಿರುವ ಗುಂಪು ಕೆಳಕ್ಕೂ ಸರಿದಿದ್ದರೆ ಎರಡು ಸೂಚಕಗಳು ಕೈಜೋಡಿಸಿವೆ ಎಂದರ್ಥ. ಆಗ ಓಜೋನಿನ ಬದಲು ಓಜೋನಿನ ಲಾಗರಿದಮ್ಮನ್ನು ವಕ್ರರೇಖೆಗಳ ಮೊತ್ತವಾಗಿ ಬರೆಯುವುದು ಒಂದು ಪರಿಹಾರ. ಲಾಗರಿದಮ್ಮುಗಳನ್ನು ಕೂಡಿದರೆ ಮೂಲ ಸಂಖ್ಯೆಗಳನ್ನು ಗುಣಿಸಿದಂತೆ. ಗಾಳಿ ನಿಂತರೆ ‘ಇಷ್ಟು ಭಾಗ ಹೆಚ್ಚು’ ಎನ್ನುವ ಬದಲು ‘ಇಷ್ಟು ಪಟ್ಟು ಹೆಚ್ಚು’ ಎಂದಾಗುತ್ತದೆ, ಸೊನ್ನೆಗಿಂತ ಕಡಮೆಯ ಉತ್ತರವೂ ಬರಲಾರದು. ಅದೂ ಸಾಲದಾದರೆ, ಗಾಳಿ ಮತ್ತು ಉಷ್ಣತೆ ಎರಡಕ್ಕೂ ಸೇರಿಸಿ ಪಟ್ಟಿಯ ಬದಲು ಬಾಗುವ ಹಾಳೆಯೊಂದನ್ನು ಹಾಸಬೇಕು. ಆಗ ದಿನಗಳು ಹೆಚ್ಚು ಬೇಕಾಗುತ್ತವೆ.

ವಕ್ರರೇಖೆಯ ತುದಿಗಳ ವಿಷಯದಲ್ಲಿಯೂ ಎಚ್ಚರವಿರಬೇಕು. ಈ 111 ದಿನಗಳಲ್ಲಿ ಉಷ್ಣತೆ 57ರಿಂದ 97 ಡಿಗ್ರಿಯ ವರೆಗೆ ಇದೆ. 97ರಾಚೆ ಪಟ್ಟಿಯನ್ನು ಹಿಡಿಯುವ ಸುರುಳಿಗಳೇ ಇಲ್ಲ. ಅಲ್ಲಿ ಅದು ತುದಿಯಲ್ಲಿದ್ದ ಓರೆಯಲ್ಲಿಯೇ ನೇರವಾಗಿ ಮುಂದುವರಿಯುತ್ತದೆ. 105 ಡಿಗ್ರಿಯ ದಿನದ ಓಜೋನನ್ನು ಅದರಿಂದ ಓದುವುದು ಗಾಳಿಯಲ್ಲಿ ಗೋಪುರ ಕಟ್ಟಿದಂತೆ.

ಮತ್ತೊಂದು ತೊಡಕು ಅಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಇವು ಒಂದರ ಹಿಂದೊಂದು ಬಂದ ದಿನಗಳು. ನಿನ್ನೆಯ ಹವೆ ಇಂದಿಗೂ ಸ್ವಲ್ಪ ಉಳಿದಿರುತ್ತದೆ. ಒಂದು ದಿನವನ್ನು ಮರೆಮಾಡಿದರೂ ಅದರ ಹಿಂದಿನ ಮತ್ತು ಮುಂದಿನ ದಿನಗಳು ಅದರ ಗುಟ್ಟನ್ನು ಪಟ್ಟಿಗೆ ಹೇಳಿಬಿಡಬಹುದು. ಪರೀಕ್ಷೆ ಆಗ ಇರಬೇಕಾದಷ್ಟು ಕಠಿನವಾಗಿರುವುದಿಲ್ಲ, ಪಟ್ಟಿಯೂ ಬೇಕಾದುದಕ್ಕಿಂತ ಮೃದುವಾಗುತ್ತದೆ. ಒಂದು ದಿನದ ಬದಲು ಒಂದೊಂದು ವಾರವನ್ನೇ ಒಟ್ಟಾಗಿ ಮರೆಮಾಡಿ ಪರೀಕ್ಷಿಸಿದರೆ ಈ ದೋಷ ಬಹುಮಟ್ಟಿಗೆ ಹೊರಬೀಳುತ್ತದೆ.

ಗಣಕಯಂತ್ರದ ಅನುಕೂಲವುಳ್ಳ ವಿದ್ಯಾರ್ಥಿಗಳು ಇದನ್ನೆಲ್ಲ ತಾವೇ ಮಾಡಿ ನೋಡಬಹುದು. ಹಣ ಕೊಡದೆ ದೊರೆಯುವ R ಎಂಬ ಗಣನಭಾಷೆಯಲ್ಲಿ ನ್ಯೂಯಾರ್ಕಿನ ಈ ಅಳತೆಗಳು airquality ಎಂಬ ಹೆಸರಿನಲ್ಲಿ ಅಡಕವಾಗಿವೆ. ಸೈಮನ್ ವುಡ್ ಎಂಬವರು ರಚಿಸಿದ mgcv ಎಂಬ ಉಪಕರಣವೂ ಅದರ ಜೊತೆಗೇ ಬರುತ್ತದೆ.

```
library(mgcv)
m <- gam(Ozone ~ s(Solar.R) + s(Wind) + s(Temp),
         data = airquality)
summary(m)
plot(m, pages = 1, residuals = TRUE)
```

ಇಲ್ಲಿ s ಎಂಬ ಅಕ್ಷರವೇ ಬಾಗುಪಟ್ಟಿ. summary ಎಂಬ ಆಜ್ಞೆಗೆ ದೊರೆಯುವ ಉತ್ತರದಲ್ಲಿ edf ಎಂಬ ಕಂಬಸಾಲು ಪ್ರತಿಯೊಂದು ಪಟ್ಟಿಯೂ ಎಷ್ಟು ಬಾಗುವ ಸ್ವಾತಂತ್ರ್ಯವನ್ನು ಬಳಸಿಕೊಂಡಿತೆಂಬುದನ್ನು ಹೇಳುತ್ತದೆ. ಅದು 1 ಆಗಿದ್ದರೆ ಪಟ್ಟಿ ಬಾಗಲೇ ಇಲ್ಲ, ಅಲ್ಲಿ ಸರಳರೇಖೆಯೇ ಸಾಕಾಗಿತ್ತು ಎಂದರ್ಥ. ನಮ್ಮ ಉದಾಹರಣೆಯಲ್ಲಿ ಪ್ರಕಾಶಕ್ಕೂ ಗಾಳಿಗೂ ಸುಮಾರು 3, ಉಷ್ಣತೆಗೆ ಸುಮಾರು 4 ಬರುತ್ತದೆ. ಪ್ರಯೋಗಶಾಲೆಯ ಸುರುಳಿ ತಂತಿಯ ಅಳತೆಗಳನ್ನೂ ವಿದ್ಯಾರ್ಥಿಗಳು ಇದೇ ರೀತಿ ಪರೀಕ್ಷಿಸಲಿ. ಹಿಗ್ಗುವಿಕೆ ಸ್ಥಿತಿಸ್ಥಾಪಕತ್ವದ ಮಿತಿಯೊಳಗಿದ್ದರೆ edf 1ರ ಆಸುಪಾಸಿನಲ್ಲಿಯೇ ನಿಲ್ಲಬೇಕು. ಅದು 1ನ್ನು ಬಹಳವಾಗಿ ಮೀರಿ, ವಕ್ರರೇಖೆ ಕೊನೆಯಲ್ಲಿ ಮೇಲಕ್ಕೆ ಬಾಗಿದ್ದರೆ, ತೂಕ ಹೆಚ್ಚಾಗಿ ಸುರುಳಿಯು ಆ ಮಿತಿಯನ್ನು ದಾಟಿತೆ ಎಂದು ಪರೀಕ್ಷಿಸಿ ನೋಡುವುದು ಒಳ್ಳೆಯದು.